ಒಂದು ಬದಿ ಮಾತ್ರ ಹಾಡುವ ಆಂಪ್ಲಿಫೈಯರ್: ವೈರೋ, ಬಾಕ್ಸೋ, ನಾಬೋ?

ಆಷಾಢದ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಾಲು ತೊಳೆದು ಜಗಲಿ ಹತ್ತುವಷ್ಟರಲ್ಲೇ ಚಿಕ್ಕಪ್ಪ ಶುರು ಮಾಡಿದರು. "ಬಲಗಡೆ ಬಾಕ್ಸ್ ಸತ್ತೋಯ್ತು ಮಾರಾಯ. ತಾಳಮದ್ದಲೆ ಹಾಕಿದ್ರೆ ಒಂದೇ ಕಡೆಯಿಂದ ಕೇಳ್ತದೆ. ಪೇಟೆಗೆ ಹೋದಾಗ ಇನ್ನೊಂದು ತರೋದೇ."

ತರಬೇಕಾಗಲಿಲ್ಲ. ಆ ಸ್ಪೀಕರ್ ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಬೇರೆ ಎರಡು ಕಡೆ, ಅದೂ ಒಂದರ ಹಿಂದೆ ಒಂದು ಅಡಗಿಕೊಂಡು. ಆ ದಿನ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಬೇಕಾಗಿದ್ದು ಒಂದು ಸಾಮಾನ್ಯ ಮಲ್ಟಿಮೀಟರ್, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್, ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚ್. ಮಲ್ಟಿಮೀಟರ್ ಇಲ್ಲದಿದ್ದರೂ ಅರ್ಧ ಕೆಲಸ ಸೆಲ್‌ನಿಂದಲೇ ಆಗುತ್ತದೆ.

ಮೊದಲು ಕಣ್ಣಿನಿಂದ ನೋಡಿ

ಆಂಪ್ಲಿಫೈಯರ್ ಮುಂದೆ ಕುಳಿತಾಗ ಮೊದಲು ಕಂಡಿದ್ದು ಬ್ಯಾಲೆನ್ಸ್ ನಾಬ್. ಅದು ಪೂರ್ತಿ ಬಲಕ್ಕೆ ತಿರುಗಿತ್ತು. "ಬಲಗಡೆ ಕೇಳಲ್ಲ ಅಂತ ಇವರೇ ತಿರುಗಿಸಿದ್ದು" ಅಂದರು ಚಿಕ್ಕಮ್ಮ. ಇದು ಎಲ್ಲರೂ ಮಾಡುವ ಕೆಲಸವೇ. ಆದರೆ ಬ್ಯಾಲೆನ್ಸನ್ನು ಬಲಕ್ಕೆ ತಿರುಗಿಸಿದರೆ ಬಲಗಡೆಯದು ಜಾಸ್ತಿ ಆಗುವುದಕ್ಕಿಂತ ಎಡಗಡೆಯದು ಕಡಿಮೆ ಆಗುತ್ತದೆ. ಸತ್ತ ಕಡೆಯನ್ನು ಎಬ್ಬಿಸಲು ಹೋಗಿ ಬದುಕಿದ ಕಡೆಯನ್ನೂ ಮಲಗಿಸಿದ ಹಾಗೆ. ನಾಬನ್ನು ನಡುವಿಗೆ ತಂದು ಬಿಡಿ. ಪರೀಕ್ಷೆ ಮುಗಿಯುವ ತನಕ ಅದು ಅಲ್ಲೇ ಇರಲಿ.

ಜೊತೆಗೆ ಇನ್ನೆರಡು ಕಡೆ ಕಣ್ಣು ಹಾಯಿಸಿ. ಸ್ಪೀಕರ್ ಆರಿಸುವ ಎ, ಬಿ ಸ್ವಿಚ್ ಇದ್ದರೆ ಅದನ್ನು ನಾಲ್ಕೈದು ಸಲ ಒತ್ತಿ ಬಿಡಿ. ಹೆಡ್‌ಫೋನ್ ತೂತಿಗೂ ಒಂದು ಪಿನ್ ಹಾಕಿ ತೆಗೆಯಿರಿ. ಹಲವು ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಈ ತೂತಿನೊಳಗಿನ ಪುಟ್ಟ ಎಲೆಗಳ ಮೂಲಕವೇ ಹಾದು ಹೋಗುತ್ತದೆ. ಪಿನ್ ಹಾಕಿದಾಗ ಸ್ಪೀಕರ್ ಬಂದ್ ಆಗುವುದು ಹಾಗೆಯೇ. ಪಿನ್ ತೆಗೆದ ಮೇಲೂ ಒಂದು ಎಲೆ ಮತ್ತೆ ಸರಿಯಾಗಿ ಕೂರದಿದ್ದರೆ ಒಂದು ಬದಿ ಮಾತ್ರ ಸತ್ತಿರುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಅಪರೂಪವೇನಲ್ಲ.

ಮೂಲವೋ, ಆಂಪ್ಲಿಫೈಯರ್ರೋ?

ಹೆಚ್ಚಿನವರು ಮೊದಲು ಬಾಕ್ಸ್‌ಗಳನ್ನೇ ಅದಲು ಬದಲು ಮಾಡುತ್ತಾರೆ. ನಾನು ಮೊದಲು ಹಾಡು ಒಳಗೆ ಬರುವ ಕಡೆ ಬದಲಿಸುತ್ತೇನೆ. ಅದರಿಂದ ಯಾವುದಕ್ಕೂ ಅಪಾಯವಿಲ್ಲ. ಬಾಕ್ಸ್ ಬದಲಿಸುವುದರಲ್ಲಿ ಒಂದು ಅಪಾಯ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಆಂಪ್ಲಿಫೈಯರ್ ಬಂದ್ ಮಾಡಿ. ಹಿಂದೆ ಕೆಂಪು ಮತ್ತು ಬಿಳಿ ಪಿನ್‌ಗಳಿರುತ್ತವೆ. ಕೆಂಪು ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕೆಂಪು ಹಾಕಿ. ಮತ್ತೆ ಆನ್ ಮಾಡಿ ಕೇಳಿ. ಈಗ ಎಡಗಡೆ ಸತ್ತು ಬಲಗಡೆ ಬದುಕಿದರೆ ತಪ್ಪು ಪಿನ್ ವೈರಿನಲ್ಲಿ, ಇಲ್ಲವೇ ಹಾಡು ಬರುವ ಸಾಧನದಲ್ಲಿ. ಆಂಪ್ಲಿಫೈಯರ್ ನಿರಪರಾಧಿ. ಇನ್ನೂ ಬಲಗಡೆಯೇ ಸತ್ತಿದ್ದರೆ ತಪ್ಪು ಆಂಪ್ಲಿಫೈಯರಿನಲ್ಲೋ ಅದರಿಂದ ಆಚೆಗೋ ಎಲ್ಲೋ ಇದೆ.

ಮೊಬೈಲಿನಿಂದ ಹಾಡು ಹಾಕುವವರು ಒಂದು ವಿಷಯ ನೋಡಿಕೊಳ್ಳಿ. ಮೊಬೈಲಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲೂ ಎಡ-ಬಲ ಬ್ಯಾಲೆನ್ಸಿನ ಒಂದು ಗೀಟು ಇರುತ್ತದೆ. ಮಕ್ಕಳ ಬೆರಳು ತಾಗಿ ಅದು ಒಂದು ಬದಿಗೆ ಸರಿದಿದ್ದರೆ ನೀವು ಇಡೀ ಆಂಪ್ಲಿಫೈಯರ್ ಬಿಚ್ಚಿದರೂ ಏನೂ ಸಿಗುವುದಿಲ್ಲ. ಇನ್ನೊಂದು, ಕೆಲವು ಹಳೆಯ ಹಾಡುಗಳಲ್ಲಿ ಒಂದು ವಾದ್ಯ ಪೂರ್ತಿ ಒಂದೇ ಬದಿಯಲ್ಲಿರುತ್ತದೆ. ಪರೀಕ್ಷೆಗೆ ಎರಡೂ ಕಡೆ ಒಂದೇ ಸದ್ದು ಬರುವಂಥದ್ದು ಬೇಕು. ಚಿಕ್ಕಪ್ಪನ ಮನೆಯಲ್ಲಿ ನಾನು ರೇಡಿಯೋ ಹಚ್ಚಿ ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಹಾಕಿದೆ. ಅದರಲ್ಲಿ ಎಡ-ಬಲ ಅನ್ನುವ ಭೇದವೇ ಇಲ್ಲ, ವಾರ್ತೆ ಓದುವವರು ಎರಡೂ ಕಡೆ ಸಮವಾಗಿ ಕೇಳಬೇಕು.

ಕೇಳಲಿಲ್ಲ. ಪಿನ್ ಬದಲಿಸಿದರೂ ಬಲಗಡೆಯದೇ ಮೌನ.

ವೈರ್ ಬಿಚ್ಚಿ ಅಳೆಯಿರಿ

ಈಗ ಆಂಪ್ಲಿಫೈಯರ್ ಬಂದ್ ಮಾಡಿ, ಪ್ಲಗ್ ತೆಗೆಯಿರಿ. ಎರಡೂ ಬಾಕ್ಸ್‌ಗಳ ವೈರನ್ನು ಆಂಪ್ಲಿಫೈಯರಿನ ಹಿಂದಿನಿಂದ ಬಿಚ್ಚಿ. ಯಾವುದು ಕೆಂಪು ಟರ್ಮಿನಲ್‌ನಲ್ಲಿತ್ತು, ಯಾವುದು ಕಪ್ಪಿನಲ್ಲಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೀಟರನ್ನು ಓಮ್ಸ್‌ನ ಅತಿ ಕೆಳಗಿನ ಸ್ಥಾನಕ್ಕೆ ತನ್ನಿ. ಅದು ಸಾಮಾನ್ಯವಾಗಿ 200 ಎಂದಿರುತ್ತದೆ. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ಸೊನ್ನೆ ಬರುವುದಿಲ್ಲ, ನನ್ನದರಲ್ಲಿ 0.3 ಬಂತು. ಅದು ಮೀಟರಿನ ಸ್ವಂತ ವೈರಿನದು. ಮುಂದೆ ಬರುವ ಎಲ್ಲ ಓಮ್ ಅಳತೆಯಿಂದಲೂ ಅದನ್ನು ಕಳೆಯಬೇಕು.

ಈಗ ಒಳ್ಳೆಯ ಕಡೆಯನ್ನು ಮೊದಲು ಅಳೆಯಿರಿ. ಹೋಲಿಸಲು ಪಕ್ಕದಲ್ಲೇ ಒಂದು ಸರಿ ಇರುವಾಗ ಪುಸ್ತಕ ಹುಡುಕಬೇಕಾಗಿಲ್ಲ, ಅಲ್ವಾ? ಚಿಕ್ಕಪ್ಪನ ಎಡ ಬಾಕ್ಸ್ ಆಂಪ್ಲಿಫೈಯರಿನ ಹತ್ತಿರವೇ ಇತ್ತು, ವೈರ್ ಸುಮಾರು 3 ಮೀಟರ್. ಮೀಟರ್ 6.9 ತೋರಿಸಿತು. 0.3 ಕಳೆದರೆ 6.6. ಬಾಕ್ಸ್ ಹಿಂದೆ 8 ಓಮ್ ಎಂದು ಬರೆದಿದೆ, ಮೀಟರ್ ಆರೂವರೆ ತೋರಿಸುತ್ತಿದೆ ಎಂದು ಗಾಬರಿ ಬೇಡ. ಬರೆದಿರುವುದು ಹಾಡು ಹರಿಯುವಾಗಿನ ಲೆಕ್ಕ. ಮೀಟರ್ ತೋರಿಸುವುದು ಸ್ಪೀಕರಿನ ಕೋನನ್ನು ಅಲುಗಾಡಿಸುವ ಸುರುಳಿ, ಅಂದರೆ ವಾಯ್ಸ್ ಕಾಯಿಲ್‌ನ ಬರೀ ತಂತಿಯ ಲೆಕ್ಕ, ಅದು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ. 8 ಓಮ್ ಬಾಕ್ಸ್‌ಗೆ ಸುಮಾರು 6, 4 ಓಮ್ ಬಾಕ್ಸ್‌ಗೆ 3ರಿಂದ 3.5 ಬಂದರೆ ಸರಿ.

ಬಲಗಡೆಯ ವೈರಿಗೆ ಮೀಟರ್ ಹಿಡಿದೆ. OL ಎಂದು ತೋರಿಸಿತು. ಕೆಲವು ಮೀಟರ್‌ಗಳಲ್ಲಿ ಎಡ ತುದಿಯಲ್ಲಿ ಒಂಟಿ 1 ನಿಲ್ಲುತ್ತದೆ. ಎರಡರ ಅರ್ಥವೂ ಒಂದೇ, ದಾರಿ ಎಲ್ಲೋ ತುಂಡಾಗಿದೆ.

ಮೀಟರ್ ಇಲ್ಲದವರು ಸೆಲ್ ಬಳಸಿ. ವೈರಿನ ಎರಡು ತುದಿಗಳನ್ನು 1.5 ವೋಲ್ಟ್ ಸೆಲ್‌ನ ಎರಡು ತುದಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ಬಾಕ್ಸ್‌ನಿಂದ "ಟಕ್" ಎಂದು ಸದ್ದು ಬಂದರೆ ವೈರೂ ಸರಿ, ಬಾಕ್ಸೂ ಸರಿ. ಹಿಡಿದುಕೊಂಡೇ ಇರಬೇಡಿ, ತಾಗಿಸಿ ಬಿಡಿ. ವೈರ್ ಆಂಪ್ಲಿಫೈಯರಿನಿಂದ ಬಿಚ್ಚಿರಲೇಬೇಕು, ಇಲ್ಲದಿದ್ದರೆ ಸೆಲ್ಲಿನ ಕರೆಂಟ್ ಆಂಪ್ಲಿಫೈಯರಿನೊಳಕ್ಕೂ ಹೋಗುತ್ತದೆ.

ಹೀಗೆ ತುಂಡು ಎಂದು ಗೊತ್ತಾದ ಕೂಡಲೇ ಬಾಕ್ಸ್ ಹತ್ತಿರ ಹೋಗಿ. ಬಾಕ್ಸ್ ಹಿಂದಿನ ವೈರ್ ಬಿಚ್ಚಿ, ನೇರವಾಗಿ ಅದರ ಟರ್ಮಿನಲ್ಲಿಗೇ ಮೀಟರ್ ಹಿಡಿಯಿರಿ. ಚಿಕ್ಕಪ್ಪನದರಲ್ಲಿ 6.7 ಬಂತು, ಅಂದರೆ 6.4. ಸೆಲ್ ತಾಗಿಸಿದರೆ ಕೋನ್ ಟಕ್ ಎಂದು ಹಾರಿತು. "ಎಂತ, ಸತ್ತಿಲ್ವಾ ಇದು?" ಅಂತ ಚಿಕ್ಕಪ್ಪ ಬಾಕ್ಸ್ ಮುಂದೆ ಬಗ್ಗಿ ನೋಡಿದರು. ಹೊಸ ಬಾಕ್ಸಿನ ದುಡ್ಡು ಅಲ್ಲಿಗೆ ಉಳಿಯಿತು.

ಬಾಕ್ಸೇ OL ತೋರಿಸಿದರೆ ವಾಯ್ಸ್ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಒಳಗಿನ ವೈರ್ ಟರ್ಮಿನಲ್ಲಿನಿಂದ ಬಿಟ್ಟಿರಬಹುದು. ಎರಡನೆಯದು ಕಮ್ಮಿಯೇನಲ್ಲ, ಬಾಕ್ಸ್ ಬಿಚ್ಚಿ ಒಮ್ಮೆ ನೋಡಿಯೇ ತೀರ್ಮಾನಿಸಿ. 1 ಓಮಿಗಿಂತ ಕಡಿಮೆ ಬಂದರೆ ಒಳಗೆ ಶಾರ್ಟ್ ಆಗಿದೆ. ಅಂಥ ಬಾಕ್ಸನ್ನು ಯಾವ ಕಾರಣಕ್ಕೂ ಒಳ್ಳೆಯ ಬದಿಗೆ ಹಾಕಿ ನೋಡಬೇಡಿ, ಅದು ಆ ಬದಿಯನ್ನೂ ಸುಡುತ್ತದೆ.

ಅಟ್ಟದ ಮೇಲಿನ ಜಾಯಿಂಟ್

ಬಾಕ್ಸ್ ಸರಿ ಎಂದ ಮೇಲೆ ಉಳಿದಿದ್ದು ವೈರ್. ಬಲಗಡೆಯದು ಜಗಲಿಯ ಇನ್ನೊಂದು ತುದಿಗೆ ಅಟ್ಟದ ಮೇಲಿನಿಂದ ಹೋಗಿತ್ತು, ಸುಮಾರು 12 ಮೀಟರ್. ವೈರನ್ನು ಹೀಗೆ ಪರೀಕ್ಷಿಸಬೇಕು. ಎರಡೂ ತುದಿ ಖಾಲಿ ಇರುವಾಗ, ಬಾಕ್ಸ್ ಕಡೆಯ ಎರಡು ತಂತಿಗಳನ್ನು ಒಟ್ಟಿಗೆ ತಿರುಚಿ ಇಡಿ. ಆಂಪ್ಲಿಫೈಯರ್ ಕಡೆ ಬಂದು ಅಳೆಯಿರಿ. ದಾರಿ ಸರಿ ಇದ್ದರೆ ಒಂದು ಓಮಿನ ಆಸುಪಾಸು ಬರಬೇಕು. ಆಮೇಲೆ ತಿರುಚಿದ್ದನ್ನು ಬಿಚ್ಚಿ ಮತ್ತೆ ಅಳೆಯಿರಿ. ಈಗ OL ಬರಬೇಕು. ಈ ಎರಡನೆಯ ಅಳತೆಯನ್ನು ಬಹಳ ಜನ ಮರೆಯುತ್ತಾರೆ. ಇಲಿ ಕಡಿದು ಎರಡು ತಂತಿ ಒಂದಕ್ಕೊಂದು ತಾಗಿದ್ದರೆ ಮೊದಲ ಅಳತೆ ಚೆನ್ನಾಗಿಯೇ ಬರುತ್ತದೆ, ಎರಡನೆಯದರಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅದು ತುಂಡಾದ ವೈರಿಗಿಂತ ಕೆಟ್ಟದ್ದು. ತುಂಡಾದ ವೈರ್ ಸುಮ್ನೆ ಇರುತ್ತದೆ, ಶಾರ್ಟ್ ಆದ ವೈರ್ ಆಂಪ್ಲಿಫೈಯರನ್ನೇ ತಿನ್ನುತ್ತದೆ.

ಇಲ್ಲಿ ತುದಿ ತಿರುಚಿದರೂ OL. ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಇಲಿ ಎಂದುಕೊಂಡಿದ್ದೆ. ಆದರೆ ಹೆಂಚಿನ ಸಂದಿಯಿಂದ ಹನಿ ಬೀಳುವ ಜಾಗಕ್ಕೆ ಸರಿಯಾಗಿ ಒಂದು ಹಳೆಯ ಜಾಯಿಂಟ್ ಇತ್ತು. ಟೇಪ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಮುಟ್ಟಿದ ಕೂಡಲೇ ಒಂದು ತಂತಿ ಕೈಗೇ ಬಂತು. ತಾಮ್ರದ ಎಳೆಗಳನ್ನು ಬರೀ ತಿರುಚಿ ಟೇಪ್ ಸುತ್ತಿದರೆ ನಮ್ಮ ಕಡೆಯ ಮಳೆಗೆ ನಾಲ್ಕೈದು ವರ್ಷ ತಾಳುವುದೇ ಹೆಚ್ಚು.

ಜಾಯಿಂಟ್ ಮಾಡುವಾಗ ಕಪ್ಪಾದ ತಾಮ್ರವನ್ನು ಉಳಿಸಬೇಡಿ. ಕಿಲುಬು ಪ್ಲಾಸ್ಟಿಕ್ ಒಳಗೂ ಹಬ್ಬಿರುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋಗಿ. ನನಗೆ ಎರಡೂ ಕಡೆ ಸೇರಿ ಒಂದು ಗೇಣು ಹೋಯಿತು. ಎರಡು ತಂತಿಗಳ ಜಾಯಿಂಟನ್ನು ಎದುರುಬದುರು ಇಡಬೇಡಿ, ಒಂದನ್ನು ಎರಡು ಇಂಚು ಮುಂದೆ ಮಾಡಿ. ಆಗ ಟೇಪ್ ಸಡಿಲಾದರೂ ಒಂದಕ್ಕೊಂದು ತಾಗುವುದಿಲ್ಲ. ಸೋಲ್ಡರ್ ಹಾಕಿದರೆ ಒಳ್ಳೆಯದು. ವೈರಿನ ಒಂದು ತಂತಿಯ ಮೇಲೆ ಗೆರೆ ಇರುತ್ತದೆ, ಗೆರೆಗೆ ಗೆರೆಯೇ ಸೇರಬೇಕು. ಅಡ್ಡ ಸೇರಿಸಿದರೆ ಹಾಡು ಬರುತ್ತದೆ, ಆದರೆ ಎರಡು ಬಾಕ್ಸ್‌ನ ಕೋನ್‌ಗಳು ಒಂದು ಹೊರಗೆ, ಒಂದು ಒಳಗೆ ಎಳೆದಾಡಿ ಬೇಸ್ ತೆಳುವಾಗುತ್ತದೆ. ಅನುಮಾನ ಇದ್ದರೆ ಮತ್ತೆ ಸೆಲ್ ಹಿಡಿಯಿರಿ. ಕೆಂಪು ಟರ್ಮಿನಲ್ಲಿಗೆ ಹೋಗುವ ತಂತಿಗೆ ಸೆಲ್‌ನ ಪ್ಲಸ್ ತಾಗಿಸಿದಾಗ ಎರಡೂ ಬಾಕ್ಸ್‌ನ ದೊಡ್ಡ ಕೋನ್ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಹಾರಬೇಕು.

ಜಾಯಿಂಟ್ ಆದ ಮೇಲೆ ತುದಿ ತಿರುಚಿ ಅಳೆದರೆ 0.9, ಅಂದರೆ 0.6 ಓಮ್. ಅಂಗಡಿಯಲ್ಲಿ 23/36 ಎಂದು ಕೇಳಿ ತರುವ, ಅಂದರೆ 36 ಗೇಜಿನ 23 ಎಳೆ ಇರುವ ವೈರಿಗೆ 12 ಮೀಟರ್ ಹೋಗಿ ಬರುವ ದಾರಿಗೆ ಇಷ್ಟೇ ಬರಬೇಕು. ಇದೇ ದೂರಕ್ಕೆ ತೀರಾ ತೆಳ್ಳಗಿನ ವೈರ್ ಎಳೆದಿದ್ದರೆ ಒಂದೂವರೆ ಓಮ್ ದಾಟುತ್ತಿತ್ತು. ಆಗ ಒಂದು ಬದಿ ಸಾಯುವುದಿಲ್ಲ, ಸ್ವಲ್ಪ ಕುಗ್ಗುತ್ತದೆ ಅಷ್ಟೇ. ಹೊಸದಾಗಿ ಎಳೆಯುವುದಾದರೆ 40/36 ತನ್ನಿ.

ಬಾಕ್ಸ್ ಬದಲಿಸುವ ಮೊದಲು

ಇಷ್ಟೆಲ್ಲ ಆಗಿ ವೈರ್ ಸಿಕ್ಕಿಸಿ ಆನ್ ಮಾಡಿದರೆ ಬಲಗಡೆ ಹಾಡಿತು. ಆದರೆ ಮೂಗಿನಲ್ಲಿ ಮಾತಾಡಿದ ಹಾಗೆ, ಸಣ್ಣಗೆ, ಒಡೆದು. ಚಿಕ್ಕಪ್ಪನಿಗೆ ಅಷ್ಟೇ ಸಾಕಾಗಿತ್ತು. "ಬಂತಲ್ಲ, ಬಿಡು" ಅಂದರು. ನನಗೆ ಬಿಡಲು ಮನಸ್ಸಾಗಲಿಲ್ಲ.

ಈಗ ಬೇಕಾಗಿದ್ದು ಒಳ್ಳೆಯ ಎಡ ಬಾಕ್ಸನ್ನು ಆಂಪ್ಲಿಫೈಯರಿನ ಬಲಕ್ಕೆ ಹಾಕಿ ನೋಡುವುದು. ಮೊದಲು ಹೇಳಿದ ಅಪಾಯ ಇಲ್ಲೇ ಇರುವುದು. ಆಂಪ್ಲಿಫೈಯರಿನ ಒಂದು ಬದಿ ಒಳಗೆ ಸುಟ್ಟಿದ್ದರೆ, ಹಾಡಿನ ಬದಲು ನೇರ ಡಿಸಿ ಕರೆಂಟನ್ನೇ ಹೊರಗೆ ಕಳಿಸುತ್ತಿರಬಹುದು. ಮೊದಲಿದ್ದ ಬಾಕ್ಸ್ ಸುಟ್ಟಿದ್ದರೆ ಅದರಿಂದಲೇ ಇರಬಹುದು. ಅಲ್ಲಿಗೆ ಒಳ್ಳೆಯ ಬಾಕ್ಸ್ ಹಾಕಿದರೆ ಅದೂ ಹೋಗುತ್ತದೆ. ರಕ್ಷಣೆಯ ರಿಲೇ, ಅಂದರೆ ಬಾಕ್ಸಿನ ದಾರಿಯನ್ನು ತಾನೇ ಬಂದ್ ಮಾಡುವ ಸ್ವಿಚ್, ಇರುವ ಆಂಪ್ಲಿಫೈಯರ್ ಆದರೆ ಅದು ತಡೆಯುತ್ತದೆ. ಊರಿನಲ್ಲಿ ಜೋಡಿಸಿಕೊಟ್ಟ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ.

ಹಾಗಾಗಿ ಎರಡೂ ಬಾಕ್ಸ್‌ಗಳ ವೈರ್ ಬಿಚ್ಚಿ, ವಾಲ್ಯೂಮ್ ಸೊನ್ನೆ ಮಾಡಿ ಆನ್ ಮಾಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಅನುಮಾನದ ಬದಿಯ ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಏನೂ ಇಲ್ಲದಿದ್ದರೆ 2 ವೋಲ್ಟಿಗೆ ಇಳಿಸಿ. 50 ಮಿಲಿವೋಲ್ಟಿನೊಳಗೆ ಇದ್ದರೆ ನಿಶ್ಚಿಂತೆ. ಅರ್ಧ ವೋಲ್ಟ್ ದಾಟಿದರೆ ಅಲ್ಲಿಗೆ ಯಾವ ಬಾಕ್ಸನ್ನೂ ಹಾಕಬೇಡಿ, ರಿಪೇರಿಯವರ ಹತ್ತಿರ ಒಯ್ಯಿರಿ. ಮೀಟರಿನ ಕಪ್ಪು ಮೊನೆಯನ್ನು ಕಪ್ಪು ಟರ್ಮಿನಲ್ಲಿಗೇ ಹಿಡಿಯಬೇಕು, ಡಬ್ಬಿಯ ಲೋಹಕ್ಕಲ್ಲ. ಕಾರಿನ ಐಸಿ ಹಾಕಿ ಮಾಡಿದ ಬೋರ್ಡ್‌ಗಳಲ್ಲಿ ಕಪ್ಪು ಟರ್ಮಿನಲ್ ಕೂಡ ಜೀವಂತ ಇರುತ್ತದೆ. ಲೋಹಕ್ಕೆ ಹಿಡಿದು ಅಳೆದರೆ 6 ವೋಲ್ಟ್ ಆಸುಪಾಸು ತೋರಿಸಿ ಸುಮ್ಮನೆ ಹೆದರಿಸುತ್ತದೆ. ಅಂಥವುಗಳಲ್ಲಿ ಎಡದ ಕಪ್ಪು ಮತ್ತು ಬಲದ ಕಪ್ಪನ್ನು ಒಂದಕ್ಕೊಂದು ತಾಗಿಸಲೂ ಬಾರದು.

ಮೀಟರ್ ಇಲ್ಲದಿದ್ದರೆ ಹಾಳಾದರೂ ಬೇಸರವಿಲ್ಲದ ಒಂದು ಹಳೆಯ 8 ಓಮ್ ಸ್ಪೀಕರ್ ಹುಡುಕಿ, ಅದನ್ನು ಹಾಕಿ ನೋಡಿ. ಆನ್ ಮಾಡಿದ ಕೂಡಲೇ ಕೋನ್ ಒಂದು ಕಡೆಗೆ ತಳ್ಳಿಕೊಂಡು ಹಾಗೇ ನಿಂತರೆ ತಕ್ಷಣ ಬಂದ್ ಮಾಡಿ.

ಇಲ್ಲಿ 18 ಮಿಲಿವೋಲ್ಟ್ ಬಂತು. ಧೈರ್ಯವಾಗಿ ಬಾಕ್ಸ್ ವೈರ್‌ಗಳನ್ನು ಅದಲು ಬದಲು ಮಾಡಿದೆ. ಈಗ ಜಗಲಿಯ ತುದಿಯ ಬಾಕ್ಸ್ ಖಣಖಣ ಹಾಡಿತು, ಹತ್ತಿರದ ಎಡ ಬಾಕ್ಸ್ ಮೂಗಿನಲ್ಲಿ ಮಾತಾಡಿತು. ಅಂದರೆ ಉಳಿದ ತಪ್ಪು ಆಂಪ್ಲಿಫೈಯರಿನ ಬಲ ಬದಿಯಲ್ಲೇ ಇದೆ.

ಈಗ ಬ್ಯಾಲೆನ್ಸ್

ಬ್ಯಾಲೆನ್ಸ್ ನಾಬಿನ ಪರೀಕ್ಷೆಗೆ ಅರ್ಥ ಬರುವುದು ಇಲ್ಲಿಂದ. ತುಂಡಾದ ವೈರ್ ಸಿಕ್ಕಿಸಿಕೊಂಡು ನಾಬನ್ನು ಎಷ್ಟು ತಿರುಗಿಸಿದರೂ ಅದು ಏನನ್ನೂ ಹೇಳುವುದಿಲ್ಲ. ಸರಿ ಇರುವ ಬಾಕ್ಸ್ ಆ ಬದಿಗೆ ಸಿಕ್ಕಿದ ಮೇಲೆ ವಾಲ್ಯೂಮ್ ಕಡಿಮೆ ಇಟ್ಟು, ನಾಬನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಸದ್ದು ಮೆಲ್ಲಗೆ ಏರಿ ಇಳಿದರೆ ನಾಬ್ ಸರಿ. ಕರಕರ ಎಂದು, ಒಂದು ಜಾಗದಲ್ಲಿ ಪೂರ್ತಿ ಬಂದು ಇನ್ನೊಂದು ಜಾಗದಲ್ಲಿ ಮಾಯವಾದರೆ ಒಳಗೆ ಕೊಳೆ. ನಾಬಿನ ಹಿಂದೆ ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಓಡಾಡುತ್ತದೆ. ಚಿಕ್ಕಪ್ಪನ ಆಂಪ್ಲಿಫೈಯರಿನಲ್ಲಿ ಅದು ವರ್ಷಾನುಗಟ್ಟಲೆ ನಟ್ಟ ನಡುವೆ ಒಂದೇ ಕಡೆ ನಿಂತಿತ್ತು. ಅಲ್ಲೇ ಕೊಳೆ ಕಟ್ಟಿತ್ತು. ನಡುವಿನಲ್ಲಿ ಸದ್ದು ಕುಗ್ಗಿ, ಸ್ವಲ್ಪ ಬಲಕ್ಕೆ ಸರಿಸಿದರೆ ಕರ್ ಎಂದು ಎದ್ದು ಬರುತ್ತಿತ್ತು.

ಪ್ಲಗ್ ತೆಗೆದು ಹತ್ತಿಪ್ಪತ್ತು ಸಲ ತುದಿಯಿಂದ ತುದಿಗೆ ತಿರುಗಿಸಿದರೆ ಕೆಲವೊಮ್ಮೆ ಅಷ್ಟಕ್ಕೇ ಬರುತ್ತದೆ, ಆದರೆ ತಿಂಗಳು ಎರಡು ತಿಂಗಳಲ್ಲಿ ಮತ್ತೆ ಹೋಗುತ್ತದೆ. ಸರಿಯಾಗಿ ಮಾಡಬೇಕೆಂದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬೇಕು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಯಾವುದೂ ಬೇಡ. ಅವು ಉಳಿದು ಮತ್ತೆ ಧೂಳು ಹಿಡಿಯುತ್ತವೆ.

ಪ್ಲಗ್ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಒಳಗಿನ ಎರಡು ದಪ್ಪ ಕೆಪಾಸಿಟರ್‌ಗಳಲ್ಲಿ ಬಂದ್ ಮಾಡಿದ ಮೇಲೂ ಕರೆಂಟ್ ನಿಂತಿರುತ್ತದೆ. ರಾತ್ರಿ ಕಳೆದರೂ ಅವುಗಳ ಹತ್ತಿರ ಕೈ ಒಯ್ಯಬೇಡಿ. ಮುಚ್ಚಳ ತೆಗೆದರೆ ನಾಬಿನ ಹಿಂದೆ, ಕಾಲುಗಳು ಹೊರಬರುವ ಕಡೆ ಒಂದು ಸಣ್ಣ ಸಂದಿ ಕಾಣುತ್ತದೆ. ಸ್ಪ್ರೇಯ ಕೊಳವೆ ಅಲ್ಲಿಟ್ಟು ಒಂದೇ ಒಂದು ಸಲ ಒತ್ತಿ. ಹೊರಗಿನಿಂದ ದಂಡದ ಮೇಲೆ ಹೊಡೆದರೆ ಒಳಗೆ ತಲುಪುವುದಿಲ್ಲ. ಒತ್ತಿದ ಮೇಲೆ ಮೂವತ್ತು ಸಲ ತುದಿಯಿಂದ ತುದಿಗೆ ತಿರುಗಿಸಿ, ಒಂದು ಗಂಟೆ ಆರಲು ಬಿಟ್ಟು ಆನ್ ಮಾಡಿ. ಮಾರನೆಯ ದಿನ ಮಧ್ಯಾಹ್ನ ಬ್ಯಾಲೆನ್ಸ್ ನಡುವೆಯೇ ಇಟ್ಟು ತಾಳಮದ್ದಲೆ ಹಾಕಿದಾಗ ಎರಡೂ ಕಡೆ ಸಮವಾಗಿ ಬಂತು.

ನಾಬೂ ಸರಿ ಇದ್ದರೆ

ಆಗ ಉಳಿಯುವುದು ಆಂಪ್ಲಿಫೈಯರಿನ ಹೊಟ್ಟೆ. ಅಲ್ಲೂ ಒಂದು ಸುಳಿವು ಹೊರಗಿನಿಂದಲೇ ಸಿಗುತ್ತದೆ. ಹೆಡ್‌ಫೋನ್ ಹಾಕಿ ಕೇಳಿ. ಹೆಡ್‌ಫೋನಿನಲ್ಲಿ ಎರಡೂ ಕಿವಿ ಸಮವಾಗಿ ಕೇಳಿ ಸ್ಪೀಕರಿನಲ್ಲಿ ಮಾತ್ರ ಒಂದು ಬದಿ ಇಲ್ಲವಾದರೆ, ತಪ್ಪು ಕೊನೆಯ ಹಂತದ ಸ್ಪೀಕರ್ ಸ್ವಿಚ್ಚಿನಲ್ಲಿ ಅಥವಾ ರಿಲೇಯಲ್ಲಿ ಇರುವ ಸಾಧ್ಯತೆ ಹೆಚ್ಚು. ರಿಲೇ ಇರುವ ಆಂಪ್ಲಿಫೈಯರ್ ಆನ್ ಮಾಡಿದ ಎರಡು ಮೂರು ಸೆಕೆಂಡಿನಲ್ಲಿ ಟಕ್ ಎನ್ನುತ್ತದೆ. ಅದರ ತುದಿ ಕಪ್ಪಾಗಿದ್ದರೆ ಮೆಲ್ಲಗೆ ಇಟ್ಟಾಗ ಒಂದು ಬದಿ ಇರುವುದಿಲ್ಲ, ವಾಲ್ಯೂಮ್ ಜೋರು ಮಾಡಿದಾಗ ಫಕ್ಕನೆ ಬರುತ್ತದೆ, ಆಮೇಲೆ ಕಡಿಮೆ ಮಾಡಿದರೂ ಇರುತ್ತದೆ. ಮಾರನೆಯ ದಿನ ಮತ್ತೆ ಹೋಗಿರುತ್ತದೆ. ರಿಲೇ ಬದಲಿಸುವುದು ಸಣ್ಣ ಖರ್ಚಿನ ಕೆಲಸ, ಆದರೆ ಸೋಲ್ಡರ್ ಗೊತ್ತಿರುವವರು ಮಾಡಲಿ.

ಪ್ರತಿ ಬದಿಗೆ ಬೇರೆ ಫ್ಯೂಸ್ ಇರುವ ಆಂಪ್ಲಿಫೈಯರ್‌ಗಳೂ ಇವೆ. ಫ್ಯೂಸ್ ಹೋಗಿದ್ದರೆ ಅದೇ ಅಳತೆಯದನ್ನು ಒಂದು ಸಲ ಹಾಕಿ ನೋಡಿ, ಬಾಕ್ಸ್ ಸಿಕ್ಕಿಸದೆ. ಮತ್ತೆ ಹೋದರೆ ನಿಲ್ಲಿಸಿ. ಅದಕ್ಕೆ ವೈರಿನ ಎಳೆ ಸುತ್ತುವವರನ್ನು ನೋಡಿದ್ದೇನೆ. ಆಮೇಲೆ ಸುಡುವುದು ಟ್ರಾನ್ಸ್‌ಫಾರ್ಮರ್.

ಶಿವಮೊಗ್ಗಕ್ಕೋ ಸಾಗರಕ್ಕೋ ರಿಪೇರಿಗೆ ಒಯ್ಯುವುದಾದರೆ "ಒಂದು ಸೈಡ್ ಬರ್ತಿಲ್ಲ" ಎಂದಷ್ಟೇ ಹೇಳಿ ಇಟ್ಟು ಬರಬೇಡಿ. ಒಂದು ಚೀಟಿಯಲ್ಲಿ ಬರೆದು ಆಂಪ್ಲಿಫೈಯರಿಗೇ ಅಂಟಿಸಿ: ಯಾವ ಬದಿ, ಪಿನ್ ಬದಲಿಸಿದಾಗ ಏನಾಯಿತು, ಟರ್ಮಿನಲ್ಲಿನಲ್ಲಿ ಡಿಸಿ ಎಷ್ಟಿತ್ತು, ಹೆಡ್‌ಫೋನಿನಲ್ಲಿ ಬರುತ್ತದೋ ಇಲ್ಲವೋ, ಜೋರು ಮಾಡಿದರೆ ಬರುತ್ತದೋ ಇಲ್ಲವೋ. ಬಾಕ್ಸ್‌ಗಳನ್ನು ಮನೆಯಲ್ಲೇ ಬಿಡಿ. ಅವು ಸರಿ ಇವೆ ಎಂದು ನೀವೇ ಅಳೆದಿದ್ದೀರಿ.